ಸ್ಟೈಪೆಂಡ್‌ನಲ್ಲಿ ಹಾಜರಿ ಕಡಿತದ ಲೆಕ್ಕ

ಪ್ರಶ್ನೆ: ಅಪ್ರೆಂಟಿಸ್ ಆಗಿದ್ದೇನೆ. ತಿಂಗಳಿಗೆ 9,000 ಸ್ಟೈಪೆಂಡ್. ಶುಕ್ರವಾರ, ಶನಿವಾರ, ಸೋಮವಾರ ಹೋಗಿರಲಿಲ್ಲ. ಕ್ಯಾಂಟೀನ್ 200, ಐಡಿ ಕಾರ್ಡ್ 250 ಹಿಡಿದು 7,165 ಹಾಕಿದ್ದಾರೆ. ಲೆಕ್ಕ ಸರಿ ಇದೆಯಾ?

ಉತ್ತರ: ಸರಿ ಇಲ್ಲ ಅನಿಸುತ್ತದೆ. ಒಟ್ಟು ಕಡಿತ 1,835. ಕ್ಯಾಂಟೀನ್, ಕಾರ್ಡಿನ 450 ತೆಗೆದರೆ ಹಾಜರಿಗೆ ಹಿಡಿದದ್ದು 1,385. ಅಂದರೆ 9,000ವನ್ನು 26ರಿಂದ ಭಾಗಿಸಿ, ದಿನಕ್ಕೆ ಸುಮಾರು 346ರಂತೆ ನಾಲ್ಕು ದಿನ ಹಿಡಿದಿದ್ದಾರೆ. ನಾಲ್ಕನೆಯದು ನಡುವಿನ ಭಾನುವಾರ.

26ರಿಂದ ಭಾಗಿಸುವಾಗ ಇಡೀ ಮೊತ್ತ ಕೆಲಸದ ದಿನಗಳಿಗೇ ಹಂಚಿಹೋಗಿದೆ. ಭಾನುವಾರಕ್ಕೆ ದುಡ್ಡೇ ಇಲ್ಲ, ಹಿಡಿಯುವುದು ಯಾವುದನ್ನು? ಇದೇ ಲೆಕ್ಕದಲ್ಲಿ 30 ದಿನವೂ ಬರದವರಿಗೆ 10,385 ಕಡಿತವಾಗುತ್ತದೆ, ಸ್ಟೈಪೆಂಡ್‌ಗಿಂತ ಜಾಸ್ತಿ! 26 ಆದರೆ ಮೂರೇ ದಿನ, 1,038. ಭಾನುವಾರವೂ ಸೇರಬೇಕಾದರೆ 30ರಿಂದ ಭಾಗಿಸಬೇಕು: ದಿನಕ್ಕೆ 300, ನಾಲ್ಕು ದಿನಕ್ಕೆ 1,200. ಅದಕ್ಕೂ ರಜೆ ನಿಯಮದಲ್ಲಿ ಹಾಗೆ ಬರೆದಿರಬೇಕು. ಎರಡನ್ನೂ ಬೆರೆಸುವಂತಿಲ್ಲ.

ಇನ್ನೊಂದು ನೋಡಿ. ನಿಮ್ಮದು ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿಸಿದ ಒಪ್ಪಂದವಾದರೆ, ಮಂಜೂರಾದ ಕ್ಯಾಶುಯಲ್ ಅಥವಾ ವೈದ್ಯಕೀಯ ರಜೆಗೆ ಸ್ಟೈಪೆಂಡ್ ಹಿಡಿಯುವಂತಿಲ್ಲ. ಆ ಮೂರರಲ್ಲಿ ಒಂದು ದಿನಕ್ಕೆ ರಜೆ ಸಿಕ್ಕಿದ್ದರೂ ಉಳಿಯುವುದು ಎರಡೇ.

ಕ್ಯಾಂಟೀನ್ ಹಣಕ್ಕೆ ಕೂಪನ್ ಲೆಕ್ಕ ಕೇಳಿ. ಕಾರ್ಡಿನ 250 ಒಂದೇ ಸಲ ಹಿಡಿಯಬೇಕು, ಮುಂದಿನ ತಿಂಗಳೂ ಬಂದರೆ ಬಿಡಬೇಡಿ.

ಎಚ್‌ಆರ್‌ಗೆ ಇಮೇಲ್‌ನಲ್ಲಿ ಎರಡೇ ಪ್ರಶ್ನೆ ಸಾಕು: ಎಷ್ಟರಿಂದ ಭಾಗಿಸಿದಿರಿ, ಯಾವ ಯಾವ ತಾರೀಖು ಗೈರು?