ಹೊಲಿಗೆ ಸರಿಯಾಯಿತೇ ಎಂದು ಒಬ್ಬರೇ ಪರೀಕ್ಷಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಎಂಬಿಬಿಎಸ್ ಎರಡನೇ ವರ್ಷ. ಸರ್ಜರಿ ಪೋಸ್ಟಿಂಗ್‌ಗೆ ಮುಂಚೆ ರೂಮಿನಲ್ಲೇ ಸೂಚರಿಂಗ್ ಅಭ್ಯಾಸ ಮಾಡಬೇಕು ಅಂತಿದ್ದೀನಿ. ಪಕ್ಕದಲ್ಲಿ ಸೀನಿಯರ್ ಇಲ್ಲದಿದ್ದರೆ ಹಾಕಿದ್ದು ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತೆ?

ಉತ್ತರ: ಸದ್ಯಕ್ಕೆ ಸಿಂಪಲ್ ಇಂಟರಪ್ಟೆಡ್ ಹೊಲಿಗೆಯೊಂದನ್ನೇ ಹಿಡಿದುಕೊಳ್ಳಿ. ಕ್ಯಾಶುವಾಲ್ಟಿಯಲ್ಲಿ ಮೊದಲು ನಿಮ್ಮ ಕೈಗೆ ಬರುವುದೂ ಅದೇ. ಕೋಳಿ ಅಂಗಡಿಯಲ್ಲಿ ಚರ್ಮ ಸಮೇತ ಲೆಗ್ ಪೀಸ್ ಕೇಳಿ ತನ್ನಿ. ಕೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ಕಟಿಂಗ್ ನೀಡಲ್ ಇರುವ 3-0 ನೈಲಾನ್ ಅಥವಾ ಸಿಲ್ಕ್ ಬೇಕು. ಅವಧಿ ಮುಗಿದ ದಾರ ಓಟಿಯಲ್ಲಿ ಕೇಳಿದರೆ ಸಿಗಬಹುದು. ಸುಮಾರು 4 ಸೆಂ.ಮೀ. ಉದ್ದ ಕೊಯ್ದು, ಅಂಚಿನಿಂದ 5 ಮಿ.ಮೀ. ದೂರದಲ್ಲಿ ಎರಡೂ ಬದಿಗೆ ಪೆನ್ನಿನಿಂದ ಚುಕ್ಕಿ ಇಡಿ. ಹೊಲಿಗೆಗಳ ನಡುವಿನ ಅಂತರವೂ ಅಷ್ಟೇ ಇರಲಿ.

ಚೆಕ್‌ಲಿಸ್ಟ್ ಅಂದಾಗ ಹೆಚ್ಚಿನವರು ‘ನೀಡಲ್ ಹೋಲ್ಡರ್ ಸರಿಯಾಗಿ ಹಿಡಿದೆ’, ‘ಅಂಗಾಂಶವನ್ನು ಮೃದುವಾಗಿ ಮುಟ್ಟಿದೆ’ ಅಂತ ಬರೆದುಕೊಳ್ಳುತ್ತಾರೆ. ಒಬ್ಬರೇ ಇದ್ದಾಗ ಇಂಥ ಸಾಲುಗಳಿಂದ ಪ್ರಯೋಜನವಿಲ್ಲ, ಎಲ್ಲದಕ್ಕೂ ಹೌದು ಅಂತಲೇ ಗುರುತು ಬೀಳುತ್ತದೆ. ಸ್ಕಿಲ್ ಲ್ಯಾಬ್‌ನಲ್ಲಿ ನಾನು ವಿದ್ಯಾರ್ಥಿಗಳಿಂದ ಬರೆಸುವುದು ಸ್ಕೇಲಿನಿಂದ ಅಳೆಯಬಹುದಾದ, ಕಣ್ಣಿಗೆ ಕಾಣುವ ಪ್ರಶ್ನೆಗಳನ್ನು ಮಾತ್ರ. ಸೂಜಿ ಒಳಹೊಕ್ಕ ಜಾಗ, ಹೊರಬಂದ ಜಾಗ ಎರಡೂ ಚುಕ್ಕಿಯ ಮೇಲಿವೆಯೇ? ಅಂಚುಗಳು ಸ್ವಲ್ಪ ಮೇಲೆದ್ದು ಕೂಡಿವೆಯೇ, ಇಲ್ಲ ಒಳಗೆ ಮಡಚಿಕೊಂಡಿವೆಯೇ? ಒಂದು ಅಂಚು ಇನ್ನೊಂದಕ್ಕಿಂತ ಎತ್ತರದಲ್ಲಿದೆಯೇ? ದಾರದ ಕೆಳಗೆ ಚರ್ಮ ಕುಣಿಕೆ ಬಿದ್ದಂತೆ ಹಿಸುಕಿದೆಯೇ? ಗಂಟು ಗಾಯದ ಗೆರೆಯ ಮೇಲೆ ಕೂತಿದೆಯೋ, ಒಂದು ಬದಿಗೆ ಸರಿದಿದೆಯೋ? ಪಕ್ಕಕ್ಕೆ ಸರಿದಿರಬೇಕು.

ಇವುಗಳಲ್ಲಿ ಯಾವುದರಲ್ಲಾದರೂ ತಪ್ಪು ಕಂಡರೆ ಕಾರಣ ಹುಡುಕಬೇಕು. ಒಬ್ಬ ವಿದ್ಯಾರ್ಥಿನಿಯ ಸಾಲಿನಲ್ಲಿ ಚುಕ್ಕಿಗಳೆಲ್ಲ ಕರಾರುವಾಕ್ಕಾಗಿದ್ದವು, ಆದರೂ ಪ್ರತಿ ಹೊಲಿಗೆಯಲ್ಲೂ ಬಲಗಡೆ ಅಂಚು ಮೆಟ್ಟಿಲಿನಂತೆ ಎದ್ದಿತ್ತು. ಮೇಲಿಂದ ಎಷ್ಟು ನೋಡಿದರೂ ಕಾರಣ ತಿಳಿಯುವಂತಿರಲಿಲ್ಲ. ದಾರದ ಪಕ್ಕದಲ್ಲೇ, ಗಾಯಕ್ಕೆ ಅಡ್ಡವಾಗಿ ಬ್ಲೇಡ್ ಹಾಕಿ ಮಾಂಸವನ್ನು ತೆರೆದು ನೋಡಿದೆವು. ಬಲಗಡೆ ದಾರ ಆಳದಲ್ಲಿತ್ತು, ಎಡಗಡೆ ಚರ್ಮದ ಕೆಳಗೇ ತೇಲಿಕೊಂಡು ಬಂದಿತ್ತು. ಆಳವಾಗಿ ಹಿಡಿದ ಬದಿ ಮೇಲೇಳುತ್ತದೆ. ಅವರು ಬಲಗಡೆ ಸೂಜಿಯನ್ನು ಚರ್ಮಕ್ಕೆ ನೇರವಾಗಿ, 90 ಡಿಗ್ರಿಯಲ್ಲಿ ಚುಚ್ಚುತ್ತಿದ್ದರು. ಎಡಗಡೆಗೆ ಬಂದಾಗ ಮಣಿಕಟ್ಟು ತಿರುಗಿಸುವುದು ಬಿಟ್ಟು ಸೂಜಿಯನ್ನು ಮುಂದಕ್ಕೆ ತಳ್ಳುತ್ತಿದ್ದರು. ಸೂಜಿಯ ಬಾಗನ್ನು ಅನುಸರಿಸಿ ಕೈ ತಿರುಗಿದರೆ ಮಾತ್ರ ಎರಡೂ ಕಡೆ ಒಂದೇ ಆಳ ಸಿಗುತ್ತದೆ. ಒಂದೇ ಬೀಸಿಗೆ ಬಾರದಿದ್ದರೆ ಸೂಜಿಯನ್ನು ಗಾಯದ ನಡುವೆ ಹೊರತೆಗೆದು, ಮತ್ತೆ ಹಿಡಿದು, ಅಷ್ಟೇ ಆಳದಲ್ಲಿ ಇನ್ನೊಂದು ಬದಿಗೆ ಹೊಗಿಸಿ. ಹೀಗೆ ಕೊಯ್ದು ನೋಡುವ ಅವಕಾಶ ರೋಗಿಯ ಮೇಲೆ ಎಂದೂ ಸಿಗುವುದಿಲ್ಲ. ಹಾಗಾಗಿ ಪ್ರತಿ ಸಾಲಿನಲ್ಲೂ ಒಂದು ಹೊಲಿಗೆಯನ್ನು ಇದಕ್ಕೆಂದೇ ಮೀಸಲಿಡಿ.

ಸೂಜಿ ಬಾಗುತ್ತಿದ್ದರೆ ಅದನ್ನು ಎಲ್ಲಿ ಹಿಡಿದಿದ್ದೀರಿ ನೋಡಿ. ತುದಿಯಿಂದ ಸುಮಾರು ಮೂರನೇ ಎರಡು ಭಾಗ ದಾಟಿದ ಮೇಲೆ ಹಿಡಿಯಬೇಕು, ದಾರ ಸೇರುವ ಕಡೆಯಲ್ಲೇ ಹಿಡಿದರೆ ಬಾಗುತ್ತದೆ.

ಗಂಟಿಗೆ ಫೋನ್ ವಿಡಿಯೊ ಬೇಕು. ಕೈ ಮತ್ತು ಗಾಯ ಕಂಡರೆ ಸಾಕು. ನೀಡಲ್ ಹೋಲ್ಡರ್ ಗಾಯದ ಮೇಲೆ, ದಾರದ ಎರಡು ತುದಿಗಳ ನಡುವೆ ಇರಲಿ. ಉದ್ದನೆಯ ದಾರವನ್ನು ಅದಕ್ಕೆ ಎರಡು ಸುತ್ತು ಹಾಕಿ, ಗಿಡ್ಡ ತುದಿಯನ್ನು ಹಿಡಿದು ಆಚೆ ಬದಿಗೆ ಎಳೆಯಿರಿ. ಆಮೇಲೆ ಒಂದೊಂದೇ ಸುತ್ತು, ನೈಲಾನ್ ಜಾರುವುದರಿಂದ ಒಟ್ಟು ನಾಲ್ಕು ಸಲ. ವಿಡಿಯೊದಲ್ಲಿ ನೋಡಬೇಕಾದದ್ದು ಇಷ್ಟೇ: ಗಿಡ್ಡ ತುದಿ ಪ್ರತಿ ಸಲವೂ ಬದಿ ಬದಲಿಸುತ್ತಿದೆಯೇ? ಎರಡು ಸಲ ಸತತವಾಗಿ ಒಂದೇ ಬದಿಗೆ ಬಂದರೆ ಅದು ಗ್ರ್ಯಾನಿ ಗಂಟು, ಕೈಗೆ ಗಟ್ಟಿ ಅನ್ನಿಸಿದರೂ ಆಮೇಲೆ ಜಾರುತ್ತದೆ. ಬಿಗಿಯ ವಿಷಯದಲ್ಲಿ ಕೋಳಿ ಮೋಸ ಮಾಡುತ್ತದೆ. ಜೀವಂತ ಚರ್ಮ ಮಾರನೆಯ ದಿನ ಊದಿಕೊಳ್ಳುತ್ತದೆ, ಮಾಡೆಲ್ ಊದುವುದಿಲ್ಲ. ಅಂಚುಗಳು ಒಂದಕ್ಕೊಂದು ತಾಗಿದ ಕೂಡಲೇ ನಿಲ್ಲಿಸುವ ಅಭ್ಯಾಸ ಈಗಲೇ ಆಗಲಿ.

ಶುರುವಿನಲ್ಲಿ ಎಷ್ಟು ಸೂಜಿ ಇದ್ದವು, ಕೊನೆಗೆ ಎಷ್ಟಿವೆ ಅನ್ನುವುದೂ ಚೆಕ್‌ಲಿಸ್ಟಿನ ಒಂದು ಸಾಲಾಗಿರಬೇಕು. ಸೂಜಿಯನ್ನು ಬೆರಳಿನಿಂದ ಹಿಡಿಯಬೇಡಿ, ಹಾಸ್ಟೆಲ್ ಕಸದ ಬುಟ್ಟಿಗೂ ಹಾಕಬೇಡಿ. ಗಟ್ಟಿ ಡಬ್ಬಿಯಲ್ಲಿ ಮುಚ್ಚಿಟ್ಟು, ಆಸ್ಪತ್ರೆಯಲ್ಲಿ ಶಾರ್ಪ್ಸ್‌ಗೆಂದು ಇಟ್ಟಿರುವ, ಚುಚ್ಚಿದರೆ ತೂತಾಗದ ಬಿಳಿ ಡಬ್ಬಕ್ಕೆ ಹಾಕಿ. ಹಸಿ ಕೋಳಿ ಮುಟ್ಟುವಾಗ ಗ್ಲೌಸ್ ಇರಲಿ, ಮುಗಿದ ಮೇಲೆ ಮೇಜನ್ನು ಸೋಪು ಹಾಕಿ ತೊಳೆಯಿರಿ.

ರೋಗಿಯ ಗಾಯವನ್ನು ಹೊಲಿಯಬೇಕೇ ಬೇಡವೇ ಅನ್ನುವುದು ಮಾತ್ರ ಯಾವ ಮಾಡೆಲ್‌ನಿಂದಲೂ ಬರುವುದಿಲ್ಲ. ಬೆರಳು ಕೊಯ್ದುಕೊಂಡು ಬಂದವರಿಗೆ ಲಿಗ್ನೊಕೇನ್ ಕೊಡುವ ಮೊದಲೇ ತುದಿಯಲ್ಲಿ ಸ್ಪರ್ಶ ಇದೆಯೇ, ಬೆರಳು ಮಡಚಲು, ಚಾಚಲು ಆಗುತ್ತದೆಯೇ ಎಂದು ನೋಡಬೇಕು, ಮರಗಟ್ಟಿದ ಮೇಲೆ ನರದ ಗಾಯ ಗೊತ್ತಾಗುವುದಿಲ್ಲ. ಪೋಸ್ಟಿಂಗ್‌ನ ಮೊದಲ ವಾರ ಸೂಜಿ ಕೇಳುವ ಬದಲು ಡ್ಯೂಟಿ ಡಾಕ್ಟರ್ ಪಕ್ಕ ನಿಂತು ಈ ಪರೀಕ್ಷೆಯನ್ನು ನೋಡಿ ಕಲಿಯಿರಿ.