ಅದೇ ಮಕ್ಕಳು, ಎರಡು ಪರೀಕ್ಷೆ: ಯಾವ ಟಿ ಟೆಸ್ಟ್ ಹಾಕಬೇಕು?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಶಿಕ್ಷಕಿ. ಏಳನೇ ತರಗತಿಯಲ್ಲಿ ಎಂಟೇ ಮಕ್ಕಳು. ಭಿನ್ನರಾಶಿ ಕಲಿಸುವ ಮುಂಚೆ 25 ಅಂಕದ ಒಂದು ಪರೀಕ್ಷೆ ಕೊಟ್ಟೆ. ಕಾಗದದ ಪಟ್ಟಿ ಮಡಚಿಸಿ ಆರು ವಾರ ಕಲಿಸಿ ಇನ್ನೊಂದು ಕೊಟ್ಟೆ. ಸರಾಸರಿ 14ರಿಂದ 16ಕ್ಕೆ ಏರಿದೆ. ಆದರೆ ಎಕ್ಸೆಲ್‌ನಲ್ಲಿ ಟಿ ಟೆಸ್ಟ್ ಮಾಡಿದರೆ ಪಿ ಬೆಲೆ ಸುಮಾರು 0.4 ಬರುತ್ತಿದೆ. ನಮ್ಮ ಗೈಡ್ ಪೇರ್ಡ್ ಟೆಸ್ಟ್ ಮಾಡಿ ಅನ್ನುತ್ತಾರೆ. ನಮಗೆ ಬೇಕಾದ ಉತ್ತರ ಬರಲಿ ಅಂತ ಟೆಸ್ಟ್ ಬದಲಾಯಿಸಿದ ಹಾಗೆ ಆಗುವುದಿಲ್ಲವೇ ಸರ್? ಅಂಕಪಟ್ಟಿ ಕಳಿಸಿದ್ದೇನೆ.

ಉತ್ತರ: ಆಗುವುದಿಲ್ಲ ಮೇಡಂ. ಉತ್ತರ ನೋಡಿ ಟೆಸ್ಟ್ ಆರಿಸುವುದು ತಪ್ಪು ಅನ್ನುವ ನಿಮ್ಮ ಎಚ್ಚರಿಕೆ ಸರಿಯಾದದ್ದೇ. ಆದರೆ ಇಲ್ಲಿ ಆಯ್ಕೆ ಮಾಡಲು ಎರಡು ಟೆಸ್ಟ್ ಇರಲೇ ಇಲ್ಲ. ಅಂಕಗಳನ್ನು ಹೇಗೆ ಸಂಗ್ರಹಿಸಿದಿರಿ ಅನ್ನುವುದೇ ಟೆಸ್ಟ್ ಯಾವುದು ಅಂತ ಹೇಳುತ್ತದೆ. ಒಂದೇ ಮಗುವಿನಿಂದ ಎರಡು ಅಂಕ ತೆಗೆದುಕೊಂಡ ದಿನವೇ ಅದು ಪೇರ್ಡ್ ಆಯಿತು. ಮೊದಲು ಮಾಡಿದ ಟೂ-ಸ್ಯಾಂಪಲ್ ಲೆಕ್ಕವೇ ತಪ್ಪು ಜಾಗದಲ್ಲಿ ಬಿದ್ದಿತ್ತು.

ನಿಮ್ಮ ಅಂಕಗಳನ್ನೇ ಮುಂದಿಟ್ಟುಕೊಳ್ಳೋಣ. ರೋಲ್ ನಂಬರ್ 1ರಿಂದ 8ರವರೆಗೆ:

ಮೊದಲು: 8, 11, 14, 17, 19, 12, 22, 9
ಆಮೇಲೆ: 11, 12, 16, 17, 21, 16, 23, 12
ಏರಿಕೆ: 3, 1, 2, 0, 2, 4, 1, 3

ಒಂದನೇ ನಂಬರಿನ ಮಗುವಿಗೆ ಮೊದಲು 8, ಏಳನೇ ನಂಬರಿನ ಮಗುವಿಗೆ 22. ಇವರ ನಡುವೆ 14 ಅಂಕದ ಅಂತರ. ಈ ಅಂತರಕ್ಕೂ ನಿಮ್ಮ ಕಾಗದದ ಪಟ್ಟಿಗೂ ಸಂಬಂಧ ಇಲ್ಲ, ಅಲ್ವಾ? ಅದು ಹಿಂದಿನ ತರಗತಿಗಳಿಂದ ಬಂದದ್ದು, ಮನೆಯಿಂದ ಬಂದದ್ದು. ಆದರೆ ಟೂ-ಸ್ಯಾಂಪಲ್ ಟೆಸ್ಟ್‌ಗೆ ಇದು ಗೊತ್ತಾಗುವುದಿಲ್ಲ. ಅದರ ಕಣ್ಣಿಗೆ ಇವರು ಎಂಟು ಮಕ್ಕಳಲ್ಲ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಹದಿನಾರು ಮಕ್ಕಳು. ಮಕ್ಕಳು ತಮ್ಮತಮ್ಮಲ್ಲೇ ಇಷ್ಟು ಬೇರೆಬೇರೆ ಇರುವಾಗ ಸರಾಸರಿಯಲ್ಲಿ 2 ಅಂಕದ ಅಂತರ ಸುಮ್ನೆ ಆಕಸ್ಮಿಕವಾಗಿಯೂ ಬರಬಹುದಲ್ಲ ಅಂತ ಅದು ಲೆಕ್ಕ ಹಾಕುತ್ತದೆ.

ಆ ಲೆಕ್ಕ ಹೀಗಿದೆ. ಮೊದಲಿನ ಅಂಕಗಳ ಮಾನಕ ವಿಚಲನೆ 4.96, ಆಮೇಲಿನದು 4.34. ಎರಡರ ವರ್ಗಗಳನ್ನು ಕೂಡಿಸಿ, 8ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸ್ಟ್ಯಾಂಡರ್ಡ್ ಎರರ್ 2.33. ಸರಾಸರಿ ಏರಿಕೆ 2 ಅನ್ನು ಇದರಿಂದ ಭಾಗಿಸಿದರೆ ಟಿ 0.86. ಡಿಗ್ರೀಸ್ ಆಫ್ ಫ್ರೀಡಂ 14 ಇದ್ದಾಗ 5% ಮಟ್ಟಕ್ಕೆ 2.145 ದಾಟಬೇಕು. ಹತ್ತಿರವೂ ಬಂದಿಲ್ಲ. ನಿಮಗೆ ಸಿಕ್ಕ 0.4 ಇಲ್ಲಿಯದೇ.

ಈಗ ಏರಿಕೆಯ ಸಾಲನ್ನು ಮಾತ್ರ ನೋಡಿ. ಪೇರ್ಡ್ ಟೆಸ್ಟ್‌ಗೆ ಬೇಕಾಗಿರುವುದು ಈ ಎಂಟು ಸಂಖ್ಯೆ ಅಷ್ಟೇ. ಪ್ರತಿ ಮಗುವನ್ನೂ ಅದೇ ಮಗುವಿನ ಜೊತೆ ಹೋಲಿಸಿದ್ದರಿಂದ 8 ಮತ್ತು 22ರ ನಡುವಿನ ಅಂತರ ಕಳೆಯುವಾಗಲೇ ಹೊರಟುಹೋಯಿತು. ಏರಿಕೆಯ ಸರಾಸರಿ 2, ಮಾನಕ ವಿಚಲನೆ 1.31. ಅದನ್ನು 8ರ ವರ್ಗಮೂಲದಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ 0.463. ಟಿ 4.32. ಡಿಗ್ರೀಸ್ ಆಫ್ ಫ್ರೀಡಂ 14ರಿಂದ 7ಕ್ಕೆ ಇಳಿದಿದೆ, ಹಾಗಾಗಿ ದಾಟಬೇಕಾದ ಗೆರೆ 2.365ಕ್ಕೆ ಏರಿದೆ. ಆದರೂ ನಿಮ್ಮ ಟಿ ಅದನ್ನು ಆರಾಮಾಗಿ ದಾಟಿದೆ. ಪಿ ಬೆಲೆ 0.005ಕ್ಕಿಂತ ಕಡಿಮೆ.

ಸರಾಸರಿ ಏರಿಕೆ ಎರಡು ಲೆಕ್ಕದಲ್ಲೂ ಅದೇ 2. ಬದಲಾದದ್ದು ಅದನ್ನು ಯಾವುದರ ಎದುರು ಅಳೆದೆವು ಅನ್ನುವುದು. ಮೊದಲು ಚೆನ್ನಾಗಿ ಬರೆದ ಮಕ್ಕಳೇ ಆಮೇಲೂ ಚೆನ್ನಾಗಿ ಬರೆದಿದ್ದಾರೆ. ನಿಮ್ಮ ಎರಡು ಸಾಲುಗಳ ನಡುವಿನ ಸಹಸಂಬಂಧ 0.97. ಅದು ಇಷ್ಟು ಜಾಸ್ತಿ ಇದ್ದಾಗ ಪೇರ್ಡ್ ಟೆಸ್ಟ್ ಮಾಡಿದ್ದರಿಂದ ಆಗುವ ಲಾಭವೂ ಜಾಸ್ತಿ. ಟಿ ಟೆಸ್ಟ್ ಹುಟ್ಟಿದ್ದೇ ಇಂಥ ಜೋಡಿ ಲೆಕ್ಕದ ಜೊತೆಯಲ್ಲಿ. 1908ರಲ್ಲಿ 'ಸ್ಟೂಡೆಂಟ್' ಅನ್ನುವ ಹೆಸರಿನಲ್ಲಿ ವಿಲಿಯಂ ಗೋಸೆಟ್ ಬರೆದ ಲೇಖನದಲ್ಲಿ, ಅದೇ ಹತ್ತು ರೋಗಿಗಳಿಗೆ ಎರಡು ನಿದ್ರೆ ಔಷಧಿ ಕೊಟ್ಟಾಗ ನಿದ್ರೆಯಲ್ಲಿ ಆದ ವ್ಯತ್ಯಾಸದ ಉದಾಹರಣೆ ಇದೆ.

ಎಕ್ಸೆಲ್‌ನಲ್ಲಿ ನೀವು ಎಡವಿದ್ದು ಫಾರ್ಮುಲಾದ ಕೊನೆಯ ಅಂಕಿಯಲ್ಲಿ ಇರಬೇಕು. ಅಲ್ಲಿ 2 ಅಥವಾ 3 ಹಾಕಿದರೆ ಟೂ-ಸ್ಯಾಂಪಲ್, 1 ಹಾಕಿದರೆ ಪೇರ್ಡ್. ಮೊದಲಿನ ಅಂಕ B ಕಾಲಂನಲ್ಲಿ, ಆಮೇಲಿನದು C ಕಾಲಂನಲ್ಲಿ ಇದ್ದರೆ:

```
=T.TEST(B2:B9,C2:C9,2,1)
```

ಒಂದು ಅಪಾಯದ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ, ಯಾಕೆಂದರೆ ಎಕ್ಸೆಲ್ ಇದರಲ್ಲಿ ನಿಮ್ಮನ್ನು ಎಚ್ಚರಿಸುವುದಿಲ್ಲ. ಅದು ಮಗುವಿನ ಹೆಸರು ನೋಡುವುದಿಲ್ಲ, ಸಾಲು ಮಾತ್ರ ನೋಡುತ್ತದೆ. ಎರಡನೇ ಪರೀಕ್ಷೆಯ ಅಂಕಗಳನ್ನು ಮಾತ್ರ ಜಾಸ್ತಿಯಿಂದ ಕಡಿಮೆಗೆ ಜೋಡಿಸಿಟ್ಟಿರಿ ಅಂದುಕೊಳ್ಳಿ. ಸರಾಸರಿ ಏರಿಕೆ ಆಗಲೂ 2 ಅಂತಲೇ ತೋರಿಸುತ್ತದೆ. ಆದರೆ ಒಂದನೇ ಮಗುವಿನ ಎದುರು ಬೇರೆಯವರ 23 ಕೂತಿರುತ್ತದೆ, ಏಳನೇ ಮಗುವಿನ ಎದುರು ಇನ್ಯಾರದೋ 12. ಟಿ 4.32ರಿಂದ 0.73ಕ್ಕೆ ಕುಸಿಯುತ್ತದೆ. ಇದನ್ನು ಹಿಡಿಯಬೇಕಾದರೆ ಏರಿಕೆಗೆ ಒಂದು ಬೇರೆ ಕಾಲಂ ಮಾಡಿ ಕಣ್ಣಾಡಿಸಿ. 22 ತೆಗೆದ ಮಗು ಆರು ವಾರದಲ್ಲಿ 12ಕ್ಕೆ ಇಳಿದಿದೆ ಅಂತ ಕಂಡರೆ ಮೊದಲು ರೋಲ್ ನಂಬರ್ ತಾಳೆ ನೋಡಿ. ಒಂದು ಪರೀಕ್ಷೆಗೆ ಗೈರಾದ ಮಗುವಿಗೆ ಏರಿಕೆ ಅನ್ನುವುದೇ ಇಲ್ಲ. ಆ ಮಗುವನ್ನು ಈ ಲೆಕ್ಕದಿಂದ ಬಿಡಬೇಕು, ಬಿಟ್ಟದ್ದನ್ನು ವರದಿಯಲ್ಲಿ ಬರೆಯಬೇಕು. ಸೊನ್ನೆ ಹಾಕಿದರೆ ಲೆಕ್ಕವೇ ಕೆಡುತ್ತದೆ.

ಅಂಕಗಳು ನಾರ್ಮಲ್ ಹಂಚಿಕೆಯಲ್ಲಿ ಇರಬೇಕಲ್ಲ ಅಂತ ಯಾರಾದರೂ ಕೇಳಬಹುದು. ಇಲ್ಲಿ ಆ ಷರತ್ತು ಇರುವುದು ಏರಿಕೆಗೆ, ಅಂಕಗಳಿಗಲ್ಲ. ಎಂಟೇ ಮಕ್ಕಳಿದ್ದಾಗ ಒಬ್ಬರ ಏರಿಕೆ ಉಳಿದವರಿಗಿಂತ ತೀರಾ ಬೇರೆ ಇದ್ದರೆ ಲೆಕ್ಕ ಆ ಒಬ್ಬರ ಕಡೆ ವಾಲುತ್ತದೆ. ನಿಮ್ಮ ಏರಿಕೆಗಳು 0ಯಿಂದ 4ರೊಳಗೆ ಇವೆ, ತೊಂದರೆ ಇಲ್ಲ.

ಎರಡನೇ ಸಲ ಹೆಸರು, ನಂಬರ್ ಏನೂ ಬರೆಸದೆ ಉತ್ತರಪತ್ರಿಕೆ ತೆಗೆದುಕೊಂಡಿದ್ದರೆ ಜೋಡಿ ಮಾಡಲು ದಾರಿಯೇ ಇರುತ್ತಿರಲಿಲ್ಲ. ಆಗ ಟೂ-ಸ್ಯಾಂಪಲ್ ಒಂದೇ ಕೈಗೆ ಸಿಗುತ್ತಿತ್ತು, ಅದು ನಿಜವಾದ ಏರಿಕೆಯನ್ನೂ ಹೀಗೇ ಮುಚ್ಚಿಹಾಕುತ್ತಿತ್ತು. ಹಾಗಾಗಿ ಮುಂದಿನ ಸಲವೂ ರೋಲ್ ನಂಬರ್ ಬರೆಸುವುದನ್ನು ಬಿಡಬೇಡಿ.

ವರದಿಯಲ್ಲಿ ಪಿ ಬೆಲೆ ಒಂದನ್ನೇ ಬರೆದು ನಿಲ್ಲಿಸಬೇಡಿ. ಏರಿಕೆಯ 95% ವಿಶ್ವಾಸ ಅಂತರವನ್ನೂ ಕೊಡಿ: 0.463 ಅನ್ನು 2.365ರಿಂದ ಗುಣಿಸಿದರೆ 1.1, ಅಂದರೆ ಏರಿಕೆ 0.9ರಿಂದ 3.1 ಅಂಕದವರೆಗೆ. 25ಕ್ಕೆ ಇಷ್ಟು ಏರಿಕೆ ಸಾಕೋ ಸಾಲದೋ ಅನ್ನುವುದನ್ನು ಟೆಸ್ಟ್ ಹೇಳುವುದಿಲ್ಲ, ಕಲಿಸಿದ ನೀವೇ ಹೇಳಬೇಕು.

ಇನ್ನೊಂದು ಮಾತನ್ನೂ ಈ ಟೆಸ್ಟ್ ಹೇಳುವುದಿಲ್ಲ: ಏರಿಕೆ ಕಾಗದದ ಪಟ್ಟಿಯಿಂದಲೇ ಬಂತು ಅಂತ. ಆರು ವಾರ ಯಾರು ಹೇಗೆ ಕಲಿಸಿದ್ದರೂ ಒಂದಿಷ್ಟು ಏರುತ್ತಿತ್ತು, ಎರಡನೇ ಪ್ರಶ್ನೆಪತ್ರಿಕೆ ಸುಲಭ ಇದ್ದರೂ ಏರುತ್ತಿತ್ತು. ಅದನ್ನು ಬೇರ್ಪಡಿಸಬೇಕಾದರೆ ಪಕ್ಕದ ಊರಿನ ಶಾಲೆಯಲ್ಲಿ ಅದೇ ಪಾಠವನ್ನು ಬೋರ್ಡಿನ ಮೇಲೆ ಮಾತ್ರ ಕಲಿಸುವ ಒಬ್ಬ ಶಿಕ್ಷಕರನ್ನು ಜೊತೆಗೆ ಸೇರಿಸಿಕೊಳ್ಳಿ. ಅವರಲ್ಲೂ ಅದೇ ಎರಡು ಪತ್ರಿಕೆ ಕೊಟ್ಟು ಪ್ರತಿ ಮಗುವಿನ ಏರಿಕೆ ತೆಗೆಯಿರಿ. ಆಮೇಲೆ ನಿಮ್ಮ ಮಕ್ಕಳ ಏರಿಕೆ ಒಂದು ಕಾಲಂ, ಅವರ ಮಕ್ಕಳ ಏರಿಕೆ ಇನ್ನೊಂದು ಕಾಲಂ. ಈಗ ಎರಡೂ ಕಡೆ ಬೇರೆಬೇರೆ ಮಕ್ಕಳು. ಅಲ್ಲಿ ಹಾಕಬೇಕಾದದ್ದು ಟೂ-ಸ್ಯಾಂಪಲ್ ಟೆಸ್ಟೇ, ಫಾರ್ಮುಲಾದ ಕೊನೆಗೆ 3.