ಸಮುದ್ರದಾಳದ ರೋಬೋಟಿನ ಮೋಟಾರು ಏಕೆ ಅಪ್ಪಚ್ಚಿಯಾಗುವುದಿಲ್ಲ?

ಪ್ರಶ್ನೆ: ಆರು ಸಾವಿರ ಮೀಟರ್ ಆಳದಲ್ಲಿ ಕಬ್ಬಿಣದ ಡಬ್ಬಿಯೂ ಅಪ್ಪಚ್ಚಿಯಾಗುತ್ತದಂತೆ. ಹಾಗಾದರೆ ಅಲ್ಲಿಗೆ ಕಳಿಸುವ ರೋಬೋಟ್‌ಗಳ ಮೋಟಾರು ಹೇಗೆ ಉಳಿಯುತ್ತದೆ? ಅದಕ್ಕೂ ದಪ್ಪ ಟೈಟಾನಿಯಂ ಚಿಪ್ಪು ಹಾಕುತ್ತಾರೆಯೇ? ನಾನು ಗದಗಿನ ಡಿಪ್ಲೊಮಾ ವಿದ್ಯಾರ್ಥಿ.

ಇಲ್ಲ, ಮೋಟಾರಿಗೆ ಸಾಧಾರಣ ಕವಚವೇ ಸಾಕು. ಈಗ ಹುಬ್ಬಳ್ಳಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ. ಅದಕ್ಕೂ ಮೊದಲು ಕೆಲವು ವರ್ಷ ತೈಲಬಾವಿಗಳ ಕಡೆ ಹೋಗುವ ಹಡಗಿನಲ್ಲಿ ಆರ್‌ಒವಿ ತಂತ್ರಜ್ಞನಾಗಿದ್ದೆ. ಕೇಬಲ್ ಕಟ್ಟಿ ಇಳಿಸಿ, ಮೇಲಿನಿಂದಲೇ ನಡೆಸುವ ಯಂತ್ರಕ್ಕೆ ಅಲ್ಲಿ ಹಾಗೆನ್ನುತ್ತಾರೆ.

ನಿಮ್ಮ ಕಡೆಯ ಹೊಲಗಳಲ್ಲಿ ಕೊಳವೆಬಾವಿಗೆ ಇಳಿಸುವ, ನೀರು ತುಂಬಿದ ಸಬ್‌ಮರ್ಸಿಬಲ್ ಮೋಟಾರನ್ನು ಬಿಚ್ಚಿಸಿ ನೋಡಿ. ತಳದಲ್ಲಿ ರಬ್ಬರಿನ ಡಯಾಫ್ರಾಮ್ ಇರುತ್ತದೆ. ಒಳಗಿನ ನೀರು ಹಿಗ್ಗಿದರೂ ಕುಗ್ಗಿದರೂ ಅದು ಹೊಂದಿಕೊಂಡು ಒಳ ಹೊರ ಒತ್ತಡ ಸಮವಾಗಿರುವಂತೆ ನೋಡಿಕೊಳ್ಳುತ್ತದೆ. ಆಳಸಮುದ್ರದ ಮೋಟಾರಿನಲ್ಲೂ ಇದೇ ಉಪಾಯ. ನೀರಿನ ಬದಲು ಎಣ್ಣೆ, ಡಯಾಫ್ರಾಮಿನ ಹಿಂದೆ ಒಂದು ಸ್ಪ್ರಿಂಗ್. ಇದಕ್ಕೆ ಕಾಂಪೆನ್ಸೇಟರ್ ಎನ್ನುತ್ತಾರೆ. ಹೊರಗೆ 600 ವಾತಾವರಣದ ಒತ್ತಡವಿದ್ದರೆ ಒಳಗೂ ಅಷ್ಟೇ, ಸ್ಪ್ರಿಂಗಿನ ದೆಸೆಯಿಂದ ಚೂರು ಹೆಚ್ಚು. ಎರಡೂ ಕಡೆಯಿಂದ ಸಮನಾಗಿ ಒತ್ತಿದರೆ ಕವಚ ಜಜ್ಜಿಹೋಗಲು ಕಾರಣವೇ ಇಲ್ಲ. ಸೀಲ್ ಸವೆದರೂ ಮೊದಲು ಎಣ್ಣೆ ಹೊರಗೆ ಜಿನುಗುತ್ತದೆ, ಉಪ್ಪುನೀರು ಒಳಗೆ ನುಗ್ಗುವುದಿಲ್ಲ.

ತೊಂದರೆ ಇರುವುದು ಎಣ್ಣೆಯ ಲೆಕ್ಕದಲ್ಲಿ. ದ್ರವ ಕುಗ್ಗುವುದಿಲ್ಲ ಎಂದು ಶಾಲೆಯಲ್ಲಿ ಓದಿರುತ್ತೇವೆ. 6,000 ಮೀಟರ್ ಆಳದಲ್ಲಿ ಖನಿಜ ತೈಲ ಒತ್ತಡದಿಂದಲೇ ಸುಮಾರು ಶೇ 4ರಷ್ಟು ಕುಗ್ಗುತ್ತದೆ. ಡೆಕ್ಕಿನ ಮೇಲೆ 30 ಡಿಗ್ರಿ ಇದ್ದ ಎಣ್ಣೆ ಕೆಳಗೆ 2 ಡಿಗ್ರಿಗೆ ತಣ್ಣಗಾಗುವಾಗ ಇನ್ನೂ ಶೇ 2ರಷ್ಟು. ಹತ್ತು ಲೀಟರ್ ಎಣ್ಣೆಯಿದ್ದರೆ 600 ಮಿಲಿಲೀಟರ್ ಕೊರತೆ. ಅಷ್ಟನ್ನೂ ಕಾಂಪೆನ್ಸೇಟರ್ ತುಂಬಿಕೊಡಬೇಕು. ಅದರಲ್ಲಿ 700 ಮಿಲಿಲೀಟರ್ ಇದೆ ಎಂದುಕೊಳ್ಳಿ, ಸಾಕಾಯಿತು. ಆದರೆ ಎಣ್ಣೆ ತುಂಬುವಾಗ ಮೂಲೆಯಲ್ಲಿ 200 ಮಿಲಿಲೀಟರ್ ಗಾಳಿ ಉಳಿದಿದ್ದರೆ? ಕೆಳಗೆ ಹೋಗುತ್ತಿದ್ದಂತೆ ಆ ಗಾಳಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ, ಬೇಡಿಕೆ 800ಕ್ಕೆ ಏರುತ್ತದೆ. ಡಯಾಫ್ರಾಮ್ ತಳ ಮುಟ್ಟಿ ನಿಲ್ಲುತ್ತದೆ. ಅಲ್ಲಿಂದಾಚೆಗೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ, ಸೀಲ್ ಒಳಕ್ಕೆ ಎಳೆಯಲ್ಪಟ್ಟು ನೀರು ಬರುತ್ತದೆ. ಅದಕ್ಕೇ ನಿರ್ವಾತ ಪಂಪು ಹಚ್ಚಿ, ಗುಳ್ಳೆ ನಿಲ್ಲುವವರೆಗೆ ಕಾದು ಎಣ್ಣೆ ತುಂಬುವುದು. ಅವಸರದವರಿಗೆ ಹೇಳಿದ ಕೆಲಸ ಇದಲ್ಲ.

ಕೆಡುತ್ತಿರುವುದು ಮೇಲೆ ಕುಳಿತವರಿಗೆ ಹೇಗೆ ತಿಳಿಯುತ್ತದೆ? ಇಳಿಯುವಾಗ ಪರದೆಯ ಮೇಲೆ ಕಾಂಪೆನ್ಸೇಟರಿನ ಮಟ್ಟ ಕಡಿಮೆಯಾಗುವುದು ಸಹಜ. ಯಂತ್ರ ಒಂದೇ ಆಳದಲ್ಲಿ ನಿಂತು, ತಾಪವೂ ಸ್ಥಿರವಾದ ಮೇಲೆ ಮಟ್ಟ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಜೊತೆಗೆ ಇನ್ಸುಲೇಶನ್ ರೋಧವೂ ಬೀಳತೊಡಗಿದರೆ ನೀರು ವೈಂಡಿಂಗ್ ತಲುಪಿದೆ, ಯಂತ್ರವನ್ನು ಮೇಲೆತ್ತುವುದೇ ದಾರಿ. ಡೆಕ್ಕಿನ ಮೇಲೆ ಬಿಚ್ಚಿದರೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿರುತ್ತದೆ.

ಕ್ಯಾಮೆರಾದ ಮಸೂರದ ಹಿಂದೆ ಗಾಳಿ ಬೇಕು. ಕೆಲವು ಎಲೆಕ್ಟ್ರಾನಿಕ್ ಬಿಡಿಭಾಗಗಳ ಪುಟ್ಟ ಡಬ್ಬಿಗಳೊಳಗೆ ಟೊಳ್ಳು ಇರುತ್ತದೆ. ಅಂಥವು ಎಣ್ಣೆಯಲ್ಲಿ ಮುಳುಗಿಸಿದರೂ ನಜ್ಜುಗುಜ್ಜಾಗುತ್ತವೆ, ಹಾಗಾಗಿ ಅವಕ್ಕೆ ಮಾತ್ರ ಸಣ್ಣ ಟೈಟಾನಿಯಂ ಸಿಲಿಂಡರು. ವ್ಯಾಸ ಚಿಕ್ಕದಾದಷ್ಟೂ ಗೋಡೆ ತೆಳ್ಳಗಿದ್ದರೆ ನಡೆಯುತ್ತದೆ.

ಮನುಷ್ಯನನ್ನು ಮಾತ್ರ ಎಣ್ಣೆಯಲ್ಲಿ ಇಡಲಾಗದು, ನಿಮ್ಮ ದಪ್ಪ ಚಿಪ್ಪು ಬೇಕಾಗುವುದು ಅಲ್ಲಿ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರಿಗಾಗಿ ರೂಪಿಸಿದ ಮತ್ಸ್ಯ 6000 ವಾಹನದ ಗೋಳ 2.1 ಮೀಟರ್ ವ್ಯಾಸದ್ದು, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಮಿಶ್ರಲೋಹ. ಲೆಕ್ಕ ನೀವೇ ಹಾಕಬಹುದು: ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ ಭಾಗಿಸಿ. 600 × 105 ÷ 16, ಅಂದರೆ ಲೋಹದ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 3,900 ಕಿಲೋ. ಇಂಥ ಕೆಲಸಕ್ಕೆ ಬಳಸುವ ಟೈಟಾನಿಯಂ ಮಿಶ್ರಲೋಹ ಮಣಿಯುವುದು 8,000 ದಾಟಿದ ಮೇಲೆ. ಅದೇ ವ್ಯಾಸ, ಅದೇ ದಪ್ಪದ ಸಿಲಿಂಡರಾಗಿದ್ದರೆ ಸುತ್ತಳತೆಯ ದಿಕ್ಕಿನ ಒತ್ತಡ ಇಮ್ಮಡಿಯಾಗಿ ಅಂಚಿಗೆ ಬರುತ್ತಿತ್ತು. 2023ರಲ್ಲಿ ಟೈಟಾನಿಕ್ ಹಡಗಿನ ಅವಶೇಷದತ್ತ ಇಳಿಯುವಾಗ ಕುಸಿದು ಐವರನ್ನು ಬಲಿ ತೆಗೆದುಕೊಂಡ ಟೈಟಾನ್ ಸಿಲಿಂಡರ್ ಆಕಾರದ್ದು, ಅದೂ ಕಾರ್ಬನ್ ಫೈಬರಿನದು. ಒತ್ತುವ ಬಲಕ್ಕೆ ಅದರ ಪದರಗಳು ಬಿಟ್ಟುಕೊಳ್ಳುವ ಅಪಾಯವಿದೆ.

ಇನ್ನೊಂದು ಮಾತು, ನೀವು ಕೇಳಿಲ್ಲದಿದ್ದರೂ. ಆರ್‌ಒವಿಯ ನೆತ್ತಿಯ ಮೇಲೆ ಕಾಣುವ ಹಳದಿ ದಿಮ್ಮಿ ಅಲಂಕಾರಕ್ಕಲ್ಲ. ಟೊಳ್ಳು ಗಾಜಿನ ಸೂಕ್ಷ್ಮ ಗೋಲಿಗಳನ್ನು ಎಪಾಕ್ಸಿಯಲ್ಲಿ ಕಲಸಿ ಎರಕ ಹೊಯ್ದ ತೇಲುವಸ್ತು ಅದು. ಯಂತ್ರ ತಾನಾಗಿ ನಿಧಾನಕ್ಕೆ ಮೇಲೇಳುವಷ್ಟು ಹಗುರಾಗಿರುವಂತೆ ತೂಕ ಹೊಂದಿಸುತ್ತಾರೆ. ಆಗ ಕೆಳಗೆ ನಿಲ್ಲಲು ಪ್ರೊಪೆಲರ್ ನೀರನ್ನು ಮೇಲಕ್ಕೆ ದೂಡಬೇಕಾಗುತ್ತದೆ, ತಳದ ಹೂಳು ಕದಡುವುದಿಲ್ಲ. ಭಾರವಾಗಿದ್ದರೆ ನೀರನ್ನು ಕೆಳಕ್ಕೆ ದೂಡಬೇಕಾಗಿ, ನೋಡಬೇಕೆಂದು ಹೋದ ಜಾಗವೇ ಹೂಳಿನಲ್ಲಿ ಮುಚ್ಚಿಹೋಗುತ್ತಿತ್ತು.